ಒಂದೂವರೆ ತಾಸಿನ ವೆಬಿನಾರೋ, ಇಡೀ ದಿನದ ಕಾರ್ಯಾಗಾರವೋ? ಆನ್‌ಲೈನ್‌ನಲ್ಲಿ ಕಲಿಸಹೊರಟ ಕಟಿಂಗ್ ಮಾಸ್ಟರ್‌ಗೆ ಒಂದು ಹೋಲಿಕೆ

ಬಳ್ಳಾರಿಯಲ್ಲಿ ಜೀನ್ಸ್ ಕಟಿಂಗ್ ಬಲ್ಲ ಮಾಸ್ಟರ್‌ಗಳಿಗೆ ಬರವಿಲ್ಲ. ಸಿಂಧನೂರು, ಕುಷ್ಟಗಿ, ಗಂಗಾವತಿಯಂಥ ಊರುಗಳಲ್ಲಿ ಸಾದಾ ಪ್ಯಾಂಟನ್ನು ಸಲೀಸಾಗಿ ಹೊಲಿದು ಜೀನ್ಸ್ ಎಂದೊಡನೆ ಹಿಂಜರಿಯುವ ಟೈಲರ್‌ಗಳಿಗೂ ಬರವಿಲ್ಲ. ಇವರಿಬ್ಬರ ನಡುವೆ ಆನ್‌ಲೈನ್ ತರಗತಿ ಇಡಬೇಕೆಂದು ಹೊರಟ ಮಾಸ್ಟರ್‌ಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ಒಂದೂವರೆ ತಾಸಿನ ವೆಬಿನಾರ್ ಮಾಡಿ ಹೆಚ್ಚು ಜನರನ್ನು ಸೇರಿಸಬೇಕೋ, ಇಡೀ ದಿನದ ಕಾರ್ಯಾಗಾರ ಮಾಡಿ ಕೆಲವರಿಗೇ ಕಲಿಸಬೇಕೋ? ಈ ಬರಹದ ಲೆಕ್ಕವೆಲ್ಲ ಜೀನ್ಸಿನದು. ಅದೇ ಲೆಕ್ಕವನ್ನು ಬೇರೆ ಕಸುಬಿನವರು ತಮ್ಮ ಅಂಕಿಗಳನ್ನು ಹಾಕಿ ಮಾಡಿಕೊಳ್ಳಬಹುದು.

ವಿಷಯವೇ ಅರ್ಧ ಉತ್ತರ ಹೇಳುತ್ತದೆ

ವಿಷಯ ಆರಿಸುವಾಗ ಹೀಗೆ ಕೇಳಿಕೊಳ್ಳಿ: ತರಗತಿ ಮುಗಿದ ಮರುದಿನ ಕಲಿತವರ ಬಳಿ ಏನಿರಬೇಕು? ಒಂದು ತೀರ್ಮಾನ ಇದ್ದರೆ ಸಾಕು ಎಂದಾದರೆ ವೆಬಿನಾರ್ ಸಾಕು. ಅವರೇ ಮಾಡಿದ ಒಂದು ವಸ್ತು ಇರಬೇಕು, ಅದು ಸರಿಯಾಗಿದೆಯೇ ಎಂದು ನೀವು ನೋಡಿ ಹೇಳಿರಬೇಕು ಎಂದಾದರೆ ಕಾರ್ಯಾಗಾರವೇ ಬೇಕು.

ಒಬ್ಬನೇ ಮಾಸ್ಟರ್‌ನ ಒಂದೇ ವಿದ್ಯೆಯಿಂದ ಎರಡೂ ಹುಟ್ಟುತ್ತವೆ. "ಮನೆಯಲ್ಲೇ ಜೀನ್ಸ್ ಹೊಲಿಯಲು ಯಾವ ಮಷಿನ್ ಮೊದಲು ಕೊಳ್ಳಬೇಕು" ಎಂಬುದು ವೆಬಿನಾರಿನ ವಿಷಯ. ದಪ್ಪ ಬಟ್ಟೆಗೆ ಒಂದು ಪವರ್ ಮಷಿನ್ ಮತ್ತು ಓವರ್‌ಲಾಕ್ ಮೊದಲು ಸಾಕು. ಕಾಲಿನ ಜೋಡು ಹೊಲಿಗೆ ಹಾಕುವ ಫೀಡ್ ಆಫ್ ದಿ ಆರ್ಮ್ ಮತ್ತು ಜೇಬಿನ ತುದಿಗೆ ಗಟ್ಟಿ ಹೊಲಿಗೆ ಹಾಕುವ ಬಾರ್ಟ್ಯಾಕ್ ಕೆಲಸವನ್ನು ಆರಂಭದಲ್ಲಿ ಹೊರಗೆ ಕೊಟ್ಟು ಮಾಡಿಸಬಹುದು. ಇದನ್ನು ಫೋಟೊ ತೋರಿಸಿ 50 ನಿಮಿಷದಲ್ಲಿ ಹೇಳಿ ಮುಗಿಸಬಹುದು, ಉಳಿದ 40 ನಿಮಿಷ ಪ್ರಶ್ನೆಗಳಿಗೆ. ಕೇಳುವವರ ಕೆಲಸವನ್ನು ನೀವು ಕಣ್ಣಾರೆ ನೋಡಬೇಕಾದ ಅಗತ್ಯ ಇಲ್ಲಿಲ್ಲ.

"ಜೀನ್ಸ್ ಪ್ಯಾಟರ್ನ್ ಹಾಕುವುದು" ಕಾರ್ಯಾಗಾರದ ವಿಷಯ. ಆದರೆ ಹಾಗೇ ಇಟ್ಟರೆ ತೀರಾ ಅಗಲವಾಗುತ್ತದೆ. ಟೈಲರ್‌ಗೆ ಜೀನ್ಸಿನಲ್ಲಿ ನಿಜವಾಗಿ ನಷ್ಟವಾಗುವುದು ಎಲ್ಲಿ ಎಂದು ಹುಡುಕಿ, ಅಲ್ಲಿಗೇ ಕೈ ಹಾಕಿ. ಟ್ರಯಲ್ ನೋಡುವಾಗ ಸರಿಯಾಗಿದ್ದ ಪ್ಯಾಂಟು ಒಂದು ತೊಳೆತಕ್ಕೆ ಗಿಡ್ಡವಾಗಿ, ಗಿರಾಕಿ ವಾಪಸ್ ತಂದುಕೊಡುವುದೇ ಆ ಜಾಗ. ಹಾಗಾಗಿ ವಿಷಯ "ತೊಳೆದ ಮೇಲೂ ಅಳತೆ ಕೆಡದ ಜೀನ್ಸ್ ಪ್ಯಾಟರ್ನ್" ಎಂದಾಗಲಿ. ಜಾಹೀರಾತಿನಲ್ಲಿ ಈ ಒಂದು ಸಾಲು ಓದಿದರೆ ಸಾಕು, ಯಾರಿಗೆ ಬೇಕೋ ಅವರಿಗೆ ಅದು ತಮಗಾಗಿಯೇ ಬರೆದದ್ದು ಎಂದು ಗೊತ್ತಾಗುತ್ತದೆ.

ಈ ವಿಷಯದ ತಿರುಳು ಕಾರ್ಯಾಗಾರದ ಹಿಂದಿನ ವಾರವೇ ಶುರುವಾಗುತ್ತದೆ. ಬಂದವರೆಲ್ಲ ಅರ್ಧ ಮೀಟರ್ ಡೆನಿಮ್ ತಂದು, ಅದರ ಮೇಲೆ 16 ಇಂಚು ಉದ್ದ, 16 ಇಂಚು ಅಗಲದ ಚೌಕವನ್ನು ಅಳಿಯದ ಮಾರ್ಕರ್‌ನಲ್ಲಿ ಬರೆಯಬೇಕು. ಉದ್ದದ ಎಳೆ ಯಾವ ಕಡೆ ಎಂದು ಬಾಣದ ಗುರುತು ಹಾಕಬೇಕು. ಗಿರಾಕಿ ಮನೆಯಲ್ಲಿ ಹೇಗೆ ತೊಳೆಯುತ್ತಾರೋ ಹಾಗೇ ತೊಳೆದು, ಪೂರ್ತಿ ಒಣಗಿಸಿ, ಮತ್ತೆ ಅಳೆಯಬೇಕು. ಉದ್ದ 15½ ಇಂಚಿಗೆ ಇಳಿದಿದ್ದರೆ ಲೆಕ್ಕ ಸುಲಭ: ಬೇಕಾದ ಉದ್ದವನ್ನು 16ರಿಂದ ಗುಣಿಸಿ 15.5ರಿಂದ ಭಾಗಿಸುವುದು. ತೊಳೆದ ಮೇಲೆ 40 ಇಂಚು ಉಳಿಯಬೇಕಾದರೆ 640 ಭಾಗಿಸು 15.5, ಅಂದರೆ ಸುಮಾರು 41¼ ಇಂಚಿಗೆ ಪ್ಯಾಟರ್ನ್ ಹಾಕಬೇಕು. ಅಗಲದ ಎಳೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತದೆ, ಅದರಲ್ಲೂ ಸ್ಟ್ರೆಚ್ ಡೆನಿಮ್‌ನಲ್ಲಿ. ಆದ್ದರಿಂದ ಸೊಂಟ, ಸೀಟಿನ ಸುತ್ತಳತೆಗೆ ಅಗಲದ ಅಂಕಿಯಿಂದಲೇ ಬೇರೆ ಲೆಕ್ಕ ಮಾಡಬೇಕು. ಬಟ್ಟೆಯ ತುಂಡನ್ನು ತೊಳೆಯದೆ ಬಂದವರು ಇಡೀ ದಿನ ಬೇರೆಯವರ ಅಂಕಿ ಇಟ್ಟುಕೊಂಡು ಕೂರುತ್ತಾರೆ. ಅದಕ್ಕಾಗಿ ನಾಲ್ಕು ದಿನ ಮೊದಲೇ ತೊಳೆದ ತುಂಡಿನ ಫೋಟೊ ತರಿಸಿಕೊಳ್ಳಿ. ಕಳಿಸದವರಿಗೆ ಫೋನ್ ಮಾಡಿ.

ಎಷ್ಟು ಜನ? ಉತ್ತರ ಗಡಿಯಾರದಲ್ಲಿದೆ

ವೆಬಿನಾರಿನಲ್ಲಿ 45 ಜನ ಇದ್ದರೂ 60 ಜನ ಇದ್ದರೂ ನಿಮ್ಮ ಶ್ರಮದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಕಾರ್ಯಾಗಾರದಲ್ಲಿ ಹಾಗಲ್ಲ, ಅಲ್ಲಿ ಒಬ್ಬೊಬ್ಬರ ಕಾಗದ ನೋಡಲು ಸಮಯ ಬೇಕು.

ಬೆಳಗ್ಗೆ 10ರಿಂದ 1, ಮಧ್ಯಾಹ್ನ 2.15ರಿಂದ 4.45 ಎಂದಿಟ್ಟರೆ ಐದೂವರೆ ತಾಸು, ಅಂದರೆ 330 ನಿಮಿಷ. ಎರಡು ಚಹಾ ಬಿಡುವು ಕಳೆದರೆ 300. ಜೀನ್ಸ್ ಪ್ಯಾಟರ್ನಿನಲ್ಲಿ ತಪ್ಪಿದರೆ ಮುಂದೆ ಹೋಗಬಾರದ ಮೂರು ಹಂತಗಳಿವೆ: ಕುಗ್ಗುವಿಕೆ ಸೇರಿಸಿದ ಅಳತೆಪಟ್ಟಿ, ಮುಂಭಾಗದ ಸೀಟಿನ ವಕ್ರರೇಖೆ, ಹಿಂಭಾಗ ಮತ್ತು ಯೋಕ್ ಕೂಡುವ ಜಾಗ. ಒಂದು ಹಂತ ನೋಡಿ ತಿದ್ದಲು ಒಬ್ಬರಿಗೆ 3 ನಿಮಿಷವಾದರೂ ಬೇಕು. ಹದಿನಾಲ್ಕು ಜನರಿಗೆ ಮೂರು ಹಂತವೆಂದರೆ 126 ನಿಮಿಷ. ಕಲಿಸಲು, ಅವರು ಗೆರೆ ಎಳೆಯಲು 174 ನಿಮಿಷ ಉಳಿಯುತ್ತದೆ. ಅಷ್ಟು ಸಾಕು. 25 ಜನರನ್ನು ಸೇರಿಸಿದರೆ ನೋಡುವುದಕ್ಕೇ 225 ನಿಮಿಷ ಹೋಗಿ, ಕಲಿಸಲು 75 ನಿಮಿಷವಷ್ಟೇ ಉಳಿಯುತ್ತದೆ. ಆಗ ಏನಾಗುತ್ತದೆಂದರೆ, ಮಧ್ಯಾಹ್ನದ ಹೊತ್ತಿಗೆ ಅರ್ಧ ಜನ ಯೋಕ್‌ನಲ್ಲಿ, ಅರ್ಧ ಜನ ಇನ್ನೂ ಮುಂಭಾಗದಲ್ಲಿ ಇರುತ್ತಾರೆ. ಹಿಂದುಳಿದವರು ಕ್ಯಾಮೆರಾ ಆಫ್ ಮಾಡಿ ಸುಮ್ಮನಾಗುತ್ತಾರೆ. ಕ್ಯಾಮೆರಾಗಳು ಒಂದೊಂದಾಗಿ ಆಫ್ ಆಗತೊಡಗಿದರೆ ಅದು ನೀವು ಮುಂದೆ ಓಡುತ್ತಿದ್ದೀರಿ ಎಂಬುದರ ಗುರುತು.

ಹಾಗಾಗಿ ಒಬ್ಬರೇ ಕಲಿಸುವ ಕಾರ್ಯಾಗಾರಕ್ಕೆ 14 ಸೀಟು. ಹದಿನೈದನೆಯವರು ಎಷ್ಟೇ ಒತ್ತಾಯ ಮಾಡಿದರೂ ಮುಂದಿನ ತಾರೀಖಿಗೆ ಹಾಕಿ.

ದರದ ಲೆಕ್ಕ

ಬೇರೆಯವರು ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ನೋಡಿ ದರ ಇಡುವವರೇ ಹೆಚ್ಚು. ಅದಕ್ಕಿಂತ ನಿಮ್ಮ ದಿನಗೂಲಿಯಿಂದ ಶುರು ಮಾಡುವುದು ಒಳ್ಳೆಯದು. ಉದಾಹರಣೆಗೆ, ದಿನಕ್ಕೆ 1500 ರೂಪಾಯಿ ದುಡಿಯುವ ಮಾಸ್ಟರ್ ಎಂದುಕೊಳ್ಳೋಣ.

ವೆಬಿನಾರಿಗೆ ತಯಾರಿ, ಫೋನ್ ಕರೆ, ತರಗತಿ ಎಲ್ಲ ಸೇರಿ 11 ತಾಸು, ಅಂದರೆ ಒಂದೂವರೆ ದಿನದ ಕೂಲಿ. ಕಾರ್ಯಾಗಾರಕ್ಕೆ ತಯಾರಿ 14 ತಾಸು, ತರಗತಿ ಐದೂವರೆ, ಮೊದಲ ಫೋನ್ ಕರೆಗಳಿಗೆ 3, ಆಮೇಲೆ ಒಂದು ವಾರ ವಾಟ್ಸ್ಆ್ಯಪ್‌ನಲ್ಲಿ ಸಂದೇಹ ಬಗೆಹರಿಸಲು 5. ಒಟ್ಟು 27½ ತಾಸು. ಅದನ್ನು ನಾಲ್ಕು ದಿನದ ಕೂಲಿ ಎಂದೇ ಹಿಡಿಯಿರಿ. ಕೊನೆಯ ಐದು ತಾಸನ್ನು ಲೆಕ್ಕಕ್ಕೆ ತೆಗೆದುಕೊಳ್ಳದೇ ಬಿಡುವವರು ಬಹಳ. ಎರಡನೇ ಕಾರ್ಯಾಗಾರಕ್ಕೆ ಬೇಸರ ಬರುವುದು ಅಲ್ಲಿಂದಲೇ.

| | ವೆಬಿನಾರ್ | ಕಾರ್ಯಾಗಾರ |
|---|---|---|
| ನಿಮ್ಮ ಕೂಲಿ | 2250 | 6000 |
| ಜೂಮ್, ಒಂದು ತಿಂಗಳು | 1500 | 1500 |
| ಸಹಾಯಕರಿಗೆ | – | 1000 |
| ಡೇಟಾ, ಪ್ರಿಂಟ್ | 200 | 200 |
| ಒಟ್ಟು | 3950 | 8700 |
| ನಂಬಬಹುದಾದ ಸೀಟು | 30 | 10 |
| ಒಬ್ಬರಿಗೆ ಬೀಳುವುದು | 132 | 870 |
| ಇಡಬಹುದಾದ ದರ | 150 | 900 |

ಜೂಮ್‌ನ 1500 ನಾವು ಲೆಕ್ಕಕ್ಕೆ ಹಿಡಿದದ್ದು, ಕಟ್ಟುವ ದಿನ ಪರದೆ ಮೇಲೆ ಕಾಣುವ ಮೊತ್ತವನ್ನೇ ಹಾಕಿಕೊಳ್ಳಿ. ಎರಡೂ ಒಂದೇ ತಿಂಗಳಲ್ಲಿ ಮಾಡಿದರೆ ಆ ಖರ್ಚು ಒಮ್ಮೆ ಮಾತ್ರ. ತಿಂಗಳ ಕೊನೆಗೆ ತಾನೇ ಮತ್ತೆ ಹಣ ಕಡಿತವಾಗದಂತೆ ಅದನ್ನು ಆಫ್ ಮಾಡಲು ಮರೆಯಬೇಡಿ.

ನಂಬಬಹುದಾದ ಸೀಟು ಎಂದರೆ ಕಡಿಮೆ ಪಕ್ಷ ಇಷ್ಟು ಜನ ಬಂದೇ ಬರುತ್ತಾರೆ ಎನ್ನುವ ಸಂಖ್ಯೆ. 14 ಸೀಟೂ ತುಂಬುತ್ತವೆ ಎಂದು ಲೆಕ್ಕ ಹಾಕಿ 625 ಇಟ್ಟರೆ, ಹತ್ತೇ ಜನ ಬಂದ ದಿನ ನಿಮ್ಮ ಕೂಲಿಯಲ್ಲೇ 2450 ರೂಪಾಯಿ ಖೋತಾ. 900 ಇಟ್ಟರೆ ಹತ್ತು ಜನಕ್ಕೆ ಕೂಲಿ ಹುಟ್ಟುತ್ತದೆ, ಹದಿನಾಲ್ಕೂ ತುಂಬಿದರೆ 12,600 ಬಂದು 3900 ಮೇಲುಳಿಯುತ್ತದೆ. ವೆಬಿನಾರಿಗೆ 99 ರೂಪಾಯಿ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಮೂವತ್ತು ಜನಕ್ಕೆ 2970 ಆಗುತ್ತದೆ, ಖರ್ಚೂ ಕೂಲಿಯೂ ಸೇರಿ 3950 ಹೋಗಿರುತ್ತದೆ. ಲಿಂಕ್ ಸಿಗಲಿಲ್ಲ ಎಂದು ಬರುವ ಕರೆಗಳು ಮಾತ್ರ ಅಷ್ಟೇ ಇರುತ್ತವೆ.

ತಾಸಿನ ಲೆಕ್ಕದಲ್ಲಿ ವೆಬಿನಾರೇ ಲಾಭವಾಗಿ ಕಾಣುವುದು ನಿಜ, ಎರಡನೇ ಸಲ ತಯಾರಿಯೂ ಹೆಚ್ಚು ಬೇಡ. ಆದರೆ ಒಮ್ಮೆ ಮಷಿನ್ ಬಗ್ಗೆ ಕೇಳಿದವರು ಮತ್ತೆ ಅದಕ್ಕೇ ಬರುವುದಿಲ್ಲ, ಪ್ರತಿ ಸಲ ಹೊಸಬರನ್ನೇ ಹುಡುಕಬೇಕು. ಕಾರ್ಯಾಗಾರಕ್ಕೆ ಹದಿನಾಲ್ಕು ಜನ ಸಾಕು, ಮತ್ತು ಆ ಹದಿನಾಲ್ಕು ಜನ ಆ ವೆಬಿನಾರಿನಲ್ಲಿಯೇ ಸಿಗಬಹುದು. ಈ ಕಾರಣಕ್ಕೆ ನಮ್ಮ ಸಲಹೆ: ಮೊದಲ ಸಲ ಕಲಿಸುವವರು ವೆಬಿನಾರ್ ಮಾಡಿ ಪರದೆಯ ಮುಂದೆ ಮಾತಾಡುವ ರೂಢಿ ಮಾಡಿಕೊಳ್ಳಲಿ, ಮೂರು ವಾರದೊಳಗೆ ಕಾರ್ಯಾಗಾರ ಇಡಲಿ. ವೆಬಿನಾರಿಗೆ ಬಂದವರಿಗೆ ಆ 150 ರೂಪಾಯಿಯನ್ನು 900ರಲ್ಲಿ ಕಳೆದುಕೊಡಿ. ಬೇರೆ ಯಾವ ರಿಯಾಯಿತಿಯೂ ಬೇಡ. ಹೀಗೆ ಕಳೆದುಕೊಡಬೇಕಾದವರು ಐದಾರು ಜನರಿದ್ದರೆ ವೆಬಿನಾರ್, ಕಾರ್ಯಾಗಾರ ಎರಡೂ ಸೇರಿ ಲೆಕ್ಕ ತಾಳುತ್ತದೆ; ಎಲ್ಲರೂ ಅಲ್ಲಿಂದಲೇ ಬರುತ್ತಾರೆಂದಾದರೆ ದರವನ್ನು ಮೊದಲೇ ಸಾವಿರಕ್ಕೆ ಏರಿಸಿ.

ತೆರಿಗೆಯ ಒಂದು ಮಾತು. ಸೇವೆ ಕೊಡುವವರ ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಆಗ ಶುಲ್ಕದ ಮೇಲೆ ಜಿಎಸ್‌ಟಿ ವಸೂಲಿ ಮಾಡುವಂತೆಯೂ ಇಲ್ಲ. ಆದರೆ ಬಳ್ಳಾರಿಯ ಹಲವು ಮಾಸ್ಟರ್‌ಗಳಿಗೆ ತಮ್ಮದೇ ಜೀನ್ಸ್ ಘಟಕವಿದ್ದು, ಅದರ ನೋಂದಣಿ ಅವರದೇ ಪ್ಯಾನ್‌ನಲ್ಲಿ ಇರುತ್ತದೆ. ಅಂಥವರು ತರಗತಿಯ ಶುಲ್ಕಕ್ಕೂ 18 ಶೇಕಡಾ ಕಟ್ಟಬೇಕು. 900ರ ಒಳಗೇ ಅದು ಸೇರಿದೆಯೆಂದರೆ 137 ರೂಪಾಯಿ ತೆರಿಗೆಗೆ ಹೋಗಿ, ಕೈಗೆ ಉಳಿಯುವುದು ಸುಮಾರು 763. ಇವರ ದರ 1060ರ ಆಸುಪಾಸು ಇರಬೇಕಾಗುತ್ತದೆ.

ಹಣ ತೆಗೆದುಕೊಳ್ಳುವುದು

ಹದಿನಾಲ್ಕು ಜನರಿಗೆ ಪೇಮೆಂಟ್ ಗೇಟ್‌ವೇ ಬೇಡ. ಗೂಗಲ್ ಫಾರ್ಮ್ ಒಂದು, ಯುಪಿಐ ಕ್ಯೂಆರ್ ಒಂದು ಸಾಕು. ಫಾರ್ಮಿನಲ್ಲಿ ಹೆಸರು, ವಾಟ್ಸ್ಆ್ಯಪ್ ನಂಬರು, ಊರು, ಹಣ ಕಳಿಸಿದ ಯುಪಿಐ ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆ ಇಷ್ಟೇ ಕೇಳಿ. ಸ್ಕ್ರೀನ್‌ಶಾಟ್ ಅಪ್‌ಲೋಡ್ ಕೇಳಬೇಡಿ: ಫಾರ್ಮಿಗೆ ಫೈಲ್ ಹಾಕಬೇಕಾದರೆ ಗೂಗಲ್ ಖಾತೆಗೆ ಲಾಗಿನ್ ಆಗಿರಬೇಕು, ಪಾಸ್‌ವರ್ಡ್ ಮರೆತವರು ಅಲ್ಲೇ ಕೈಬಿಡುತ್ತಾರೆ. ಸ್ಕ್ರೀನ್‌ಶಾಟ್ ತಿದ್ದುವುದೂ ಸುಲಭ. ಯುಟಿಆರ್ ಸಂಖ್ಯೆಯನ್ನು ನಿಮ್ಮ ಬ್ಯಾಂಕ್ ಖಾತೆಯ ಪಟ್ಟಿಯೊಂದಿಗೆ ತಾಳೆ ನೋಡಿ, ಆಮೇಲೆ ಗುಂಪಿಗೆ ಸೇರಿಸಿ.

ವೆಬಿನಾರಿಗೆ ನೂರರ ಹತ್ತಿರ ಜನ ಬರುವಂತಿದ್ದರೆ ಒಬ್ಬೊಬ್ಬರನ್ನೇ ತಾಳೆ ನೋಡುವುದು ಕಷ್ಟ, ಆಗ ಗೇಟ್‌ವೇ ಉಪಯೋಗ. ಸಾಮಾನ್ಯವಾಗಿ 2 ಶೇಕಡಾ, ಅದರ ಮೇಲೆ ಜಿಎಸ್‌ಟಿ ಸೇರಿ 150 ರೂಪಾಯಿಗೆ ಮೂರೂವರೆ ರೂಪಾಯಿ ಹೋಗುತ್ತದೆ.

ವಾಪಸಾತಿಯ ನಿಯಮವನ್ನು ಕ್ಯೂಆರ್ ಕೋಡಿನ ಪಕ್ಕದಲ್ಲೇ ಬರೆಯಿರಿ: ಮೂರು ದಿನ ಮೊದಲು ತಿಳಿಸಿದರೆ ಪೂರ್ತಿ ಹಣ, ಆಮೇಲಾದರೆ ಮುಂದಿನ ತಾರೀಖು.

ಸಲಕರಣೆ: ಎಲ್ಲಿ ಬಿಟ್ಟಿಯದು ಸಾಕು, ಎಲ್ಲಿ ಸಾಲದು

ಹಣ ಕೊಡದ ಜೂಮ್ 40 ನಿಮಿಷಕ್ಕೆ ನಿಲ್ಲುತ್ತದೆ. ಗೂಗಲ್ ಮೀಟ್ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷಕ್ಕೆ. ಮತ್ತೆ ಸೇರಿಕೊಳ್ಳಿ ಎಂದರೆ ಹಣ ಕೊಟ್ಟು ಬಂದವರಲ್ಲಿ ಕೆಲವರು ಸೇರುವುದೇ ಇಲ್ಲ. ವೆಬಿನಾರಿಗೆ ಯೂಟ್ಯೂಬ್‌ನ `Unlisted` ಲೈವ್ ಒಂದು ಒಳ್ಳೆಯ ಬಿಟ್ಟಿ ದಾರಿ. ಸಮಯದ ಮಿತಿ ಕಾಡುವುದಿಲ್ಲ. ಆದರೆ ಮೊದಲ ಸಲ ಲೈವ್ ಚಾಲೂ ಆಗಲು 24 ತಾಸು ಹಿಡಿಯಬಹುದು. ಮೊಬೈಲಿನಿಂದ ಮಾಡಬೇಕಾದರೆ ಚಾನೆಲ್‌ಗೆ 50 ಚಂದಾದಾರರು ಬೇಕು, ಕಂಪ್ಯೂಟರಿನ ವೆಬ್‌ಕ್ಯಾಮ್‌ನಿಂದ ಆ ಷರತ್ತಿಲ್ಲ. ಲಿಂಕ್ ಸಿಕ್ಕವರೆಲ್ಲ ನೋಡಬಹುದು ಎಂಬುದು ಅದರ ಕೊರತೆ. 150 ರೂಪಾಯಿಯ ವೆಬಿನಾರಿಗೆ ಅದನ್ನು ಸಹಿಸಬಹುದು.

ಕಾರ್ಯಾಗಾರಕ್ಕೆ ಯೂಟ್ಯೂಬ್ ಆಗದು, ಅಲ್ಲಿ ನೀವು ಅವರನ್ನು ನೋಡಲಾರಿರಿ. `Zoom Pro` ತೆಗೆದುಕೊಳ್ಳಿ, 100 ಜನರವರೆಗೆ ಅದು ಸಾಕು. `Zoom Webinars` ಎಂದು ಪ್ರತ್ಯೇಕವಾಗಿ ಮಾರುವುದು ಇಲ್ಲಿ ಬೇಡ. ಪ್ರೊ ಬೇಕೆನ್ನಲು ಸಮಯದ ಮಿತಿಯಷ್ಟೇ ಮುಖ್ಯವಾದ ಇನ್ನೊಂದು ಕಾರಣ ಇದೆ: ಸಹಾಯಕರನ್ನು `Co-host` ಮಾಡಬಹುದು. ನಿಮ್ಮ ಕಡೆ ಕರೆಂಟು ಹೋಗಿ ನೀವು ಕಳಚಿಕೊಂಡರೂ ತರಗತಿ ಮುಚ್ಚುವುದಿಲ್ಲ, ಹೊಣೆ ಅವರಿಗೆ ದಾಟುತ್ತದೆ. ಸಹಾಯಕರು ನಿಮ್ಮ ಮನೆಯಲ್ಲಿ ಕೂರದೆ ಬೇರೆ ಬಡಾವಣೆಯಲ್ಲಿ ಬೇರೆ ಇಂಟರ್‌ನೆಟ್‌ನಲ್ಲಿ ಇರಲಿ. ರೌಟರ್‌ಗೆ ಒಂದು ಪುಟ್ಟ ಯುಪಿಎಸ್, ಬೇರೆ ಕಂಪನಿಯ ಸಿಮ್ ಇರುವ ಒಂದು ಫೋನು ಪಕ್ಕದಲ್ಲಿರಲಿ.

ಮೇಜಿನ ಮೇಲಿನ ಕಾಗದ ತೋರಿಸಲು ದುಬಾರಿ ಕ್ಯಾಮೆರಾ ಬೇಡ. ಲ್ಯಾಪ್‌ಟಾಪಿನಿಂದ ಒಮ್ಮೆ ಸೇರಿ, ಎರಡನೇ ಫೋನಿನಿಂದ ಇನ್ನೊಬ್ಬರಂತೆ ಮತ್ತೊಮ್ಮೆ ಸೇರಿ. ಆ ಫೋನನ್ನು ಮೇಜಿಗಿಂತ ಎರಡೂವರೆ ಅಡಿ ಎತ್ತರದಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿ, ಹಿಂದಿನ ಕ್ಯಾಮೆರಾ ಕೆಳಮುಖವಾಗಿರಲಿ. ಫೋನಿನಲ್ಲಿ `Disconnect Audio` ಒತ್ತಲೇಬೇಕು. ಬರೀ ಮ್ಯೂಟ್ ಮಾಡಿದರೆ ಅದರ ಸ್ಪೀಕರಿನ ಧ್ವನಿ ಲ್ಯಾಪ್‌ಟಾಪಿನ ಮೈಕಿಗೆ ಹೊಕ್ಕು ಪ್ರತಿಧ್ವನಿ ಎದ್ದೀತು. ಪೆನ್ಸಿಲ್ ಗೆರೆ ಮೊಬೈಲಿನ ಪರದೆಯಲ್ಲಿ ಕಾಣುವುದಿಲ್ಲ. ಕಂದು ಕಾಗದದ ಮೇಲೆ ದಪ್ಪ ಕಪ್ಪು ಮಾರ್ಕರ್ ಬಳಸಿ, ಬಿಳಿ ಕಾಗದ ಬೆಳಕಿಗೆ ಹೊಳೆದು ಗೆರೆ ನುಂಗುತ್ತದೆ. 41 ಇಂಚಿನ ಪ್ಯಾಟರ್ನ್ ಪೂರ್ತಿ ಆ ಚೌಕಟ್ಟಿನಲ್ಲಿ ಹಿಡಿಯುವುದಿಲ್ಲವಾದ್ದರಿಂದ ಇಡೀ ಆಕಾರವನ್ನು ಕಾಲು ಅಳತೆಯ ಟೈಲರ್ ಸ್ಕೇಲಿನಲ್ಲಿ ತೋರಿಸಿ. ಸೊಂಟದಿಂದ ಸೀಟಿನವರೆಗಿನ ಭಾಗವನ್ನಷ್ಟೇ ಪೂರ್ಣ ಅಳತೆಯಲ್ಲಿ ಎಳೆಯಿರಿ. ಬೇಸಿಗೆಯಲ್ಲಿ ಫ್ಯಾನಿಲ್ಲದೆ ನಮ್ಮ ಊರಲ್ಲಿ ಕೂರಲಾಗದು, ಫ್ಯಾನಿನ ಸದ್ದು ಲ್ಯಾಪ್‌ಟಾಪಿನ ಮೈಕಿನಲ್ಲಿ ಮಳೆ ಸುರಿದಂತೆ ಕೇಳುತ್ತದೆ. ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕು ಈ ಪಟ್ಟಿಯಲ್ಲಿ ತಪ್ಪದೇ ಕೊಳ್ಳಬೇಕಾದ ವಸ್ತು.

ಕಲಿಯುವವರ ಬಳಿ ಒಂದೇ ಫೋನು ಇರುತ್ತದೆ, ಅದರಲ್ಲೇ ನಿಮ್ಮನ್ನು ನೋಡಬೇಕು. ಅವರ ಕೆಲಸ ನೋಡಲು ವಿಡಿಯೋ ನಂಬಬೇಡಿ, ವಾಟ್ಸ್ಆ್ಯಪ್‌ಗೆ ಫೋಟೊ ಹಾಕಿಸಿ. ಫೋಟೊ ನೇರ ಮೇಲಿನಿಂದ ತೆಗೆದಿರಬೇಕು, ಅಳತೆ ಟೇಪು ಕಾಗದದ ಮೇಲೆ ಹಾಸಿಯೇ ಇರಬೇಕು, ಕಾಗದದ ಮೂಲೆಯಲ್ಲಿ ಅವರವರ ಕ್ರಮಸಂಖ್ಯೆ, 1ರಿಂದ 14, ದೊಡ್ಡದಾಗಿ ಬರೆದಿರಬೇಕು. ಟೇಪು ಕಾಣದಿದ್ದರೆ ಗೆರೆ 10 ಇಂಚೋ 10½ ಇಂಚೋ ಎಂದು ನಿಮಗೆ ತಿಳಿಯದು. ಕ್ರಮಸಂಖ್ಯೆ ಇಲ್ಲದಿದ್ದರೆ ಇದು ಯಾರದು ಎಂದು ಹುಡುಕುವುದರಲ್ಲೇ ಮೂರು ನಿಮಿಷ ಮುಗಿಯುತ್ತದೆ. ಸಂಖ್ಯೆಯ ಪ್ರಕಾರ ಫೋಟೊ ಜೋಡಿಸಿ, ಬಂದಿಲ್ಲದವರನ್ನು ಕೂಗಿ ಕೇಳುವುದು ಸಹಾಯಕರ ಕೆಲಸ. ಅವರಿಗೆ ಕೊಡುವ ಸಾವಿರ ರೂಪಾಯಿ ಇದಕ್ಕೇ.

ಸೀಟಿನ ವಕ್ರರೇಖೆಯ ಅಚ್ಚನ್ನು ಎ4 ಪಿಡಿಎಫ್ ಆಗಿ ಕಳಿಸುವವರು ಒಂದು ಮೂಲೆಯಲ್ಲಿ ಸರಿಯಾಗಿ 4 ಇಂಚಿನ ಗೆರೆ ಹಾಕಿರಬೇಕು. ಝೆರಾಕ್ಸ್ ಅಂಗಡಿಯಲ್ಲಿ `Fit to page` ಇಟ್ಟು ಪ್ರಿಂಟ್ ತೆಗೆದರೆ ಅಚ್ಚು ಸದ್ದಿಲ್ಲದೆ ಕಿರಿದಾಗುತ್ತದೆ; `Actual size` ಎಂದು ಹೇಳಿ ತೆಗೆಸಬೇಕು. ಪ್ರಿಂಟಿನ ಮೇಲೆ ಟೇಪಿಟ್ಟ ಫೋಟೊವನ್ನು ಹಿಂದಿನ ದಿನವೇ ತರಿಸಿ, 4 ಇಂಚು ಬರದಿದ್ದವರಿಗೆ ಮತ್ತೆ ಪ್ರಿಂಟ್ ತೆಗೆಸಲು ಹೇಳಿ.

ತಾರೀಖು

ಶಾಲೆ ಶುರುವಾಗುವ ಮೇ ಕೊನೆ, ಜೂನ್ ತಿಂಗಳಲ್ಲಿ ಟೈಲರ್‌ಗಳು ಯೂನಿಫಾರ್ಮ್ ಹೊಲಿಗೆಯಲ್ಲಿ ಮುಳುಗಿರುತ್ತಾರೆ. ರಂಜಾನ್, ದೀಪಾವಳಿಗೆ ಮುಂಚಿನ ವಾರಗಳೂ ಹಾಗೇ. ಯೂನಿಫಾರ್ಮಿನ ಗದ್ದಲ ಇಳಿದ ಮೇಲಿನ ಆಷಾಢ ಒಳ್ಳೆಯ ಕಾಲ: ಮದುವೆಗಳಿಲ್ಲ, ಅಂಗಡಿಯಲ್ಲಿ ಕೈ ಬಿಡುವಾಗಿರುತ್ತದೆ. ವೆಬಿನಾರಿಗೆ ಅಂಗಡಿ ಮುಚ್ಚಿದ ಮೇಲೆ ರಾತ್ರಿ 8.30, ಕಾರ್ಯಾಗಾರಕ್ಕೆ ಭಾನುವಾರ. ಮನೆಯಲ್ಲಿ ಹೊಲಿಯುವ ಅಕ್ಕತಂಗಿಯರು ಹೆಚ್ಚಿದ್ದರೆ ಮಧ್ಯಾಹ್ನದ ಬಿಡುವನ್ನು ಒಂದು ತಾಸಿಗಿಂತ ಕಡಿಮೆ ಮಾಡಬೇಡಿ, ಊಟಕ್ಕೆ ಬಡಿಸುವವರು ಅವರೇ. ಎರಡು ಅರ್ಧ ದಿನ ಮಾಡಿದರೆ ಸುಲಭ ಎನಿಸಬಹುದು, ಆದರೆ ಎರಡನೇ ದಿನ ಬರಲಾಗದವರ ಪ್ಯಾಟರ್ನು ಅರ್ಧಕ್ಕೇ ನಿಲ್ಲುತ್ತದೆ.

ತಾರೀಖಿಗೆ ಐದು ದಿನ ಇರುವಾಗ ಹಣ ಕಟ್ಟಿದವರು ಏಳಕ್ಕಿಂತ ಕಡಿಮೆ ಇದ್ದರೆ ದರ ಇಳಿಸಬೇಡಿ, ಮೊದಲೇ 900 ಕೊಟ್ಟವರಿಗೆ ಅದು ಅನ್ಯಾಯ. ಎರಡು ವಾರ ಮುಂದೂಡಿ, ಒಬ್ಬೊಬ್ಬರಿಗೂ ಫೋನ್ ಮಾಡಿ ತಿಳಿಸಿ, ಬೇಡವೆಂದವರ ಹಣವನ್ನು ಅದೇ ದಿನ ಹಿಂದಿರುಗಿಸಿ.